ಸ್ಲೀಪರಿನ ಖರ್ಚು, ಸೀಟಿನ ರೇಟು

ಪ್ರಶ್ನೆ: ಶಿವಮೊಗ್ಗ–ಬೆಂಗಳೂರು ರಾತ್ರಿ ಲೈನಿನಲ್ಲಿ ನಮ್ಮದು ಆರು ನಾನ್-ಎಸಿ ಸೀಟರ್ ಬಸ್. ಸಾಲ ಎಲ್ಲ ತೀರಿದೆ. ಈಗ ಎರಡನ್ನು ಮಾರಿ ಎಸಿ ಸ್ಲೀಪರ್ ತಂದು, ದೊಡ್ಡ ಕಂಪನಿಗಳಿಗಿಂತ ಕಡಿಮೆ ರೇಟಿಗೆ ಓಡಿಸೋಣ ಅಂತಿದೀವಿ. ರೇಟೂ ಕಡಿಮೆ, ಸೌಲಭ್ಯವೂ ಒಳ್ಳೇದು. ನಡೆಯುತ್ತಾ?

ಆ ರೇಟಿಗೆ ನಡೆಯೋದು ಕಷ್ಟ. ನಾನು ಖಾಸಗಿ ಬಸ್ಸುಗಳ ಲೆಕ್ಕಪತ್ರ ನೋಡುವವನು, ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ. ಇವು ಅಂದಾಜಿನ ಅಂಕಿಗಳು, ನಿಮ್ಮವನ್ನು ಹಾಕಿಕೊಂಡು ನೋಡಿ.

ದಾರಿ ಸುಮಾರು 300 ಕಿ.ಮೀ. ಎಸಿ ಸ್ಲೀಪರ್ ಲೀಟರಿಗೆ ಮೂರೂವರೆ ಕಿ.ಮೀ. ಕೊಟ್ಟರೆ, 90 ರೂಪಾಯಿ ಡೀಸೆಲ್ ಲೆಕ್ಕದಲ್ಲಿ ಒಂದು ಟ್ರಿಪ್ಪಿಗೆ 7,700. ಸಾಲದ ಕಂತು ತಿಂಗಳಿಗೆ 1.4 ಲಕ್ಷ ಇದ್ದು, 28 ಟ್ರಿಪ್ ಓಡಿದರೆ ಟ್ರಿಪ್ಪಿಗೆ 5,000. ಡ್ರೈವರ್, ಟೋಲ್, ಟ್ಯಾಕ್ಸ್, ಇನ್ಶೂರೆನ್ಸ್, ಟೈರ್, ಕಮಿಷನ್ ಎಲ್ಲ ಸೇರಿ 10,000. ಒಟ್ಟು 22,700. ಬರ್ತ್ 36. ಜಿಎಸ್‌ಟಿ ಬಿಟ್ಟು 900 ರೂಪಾಯಿ ಕೈಗೆ ಬಂದರೆ 26 ಬರ್ತಿಗೆ ಅಸಲು. ನೀವು ಹೇಳುವ ಹಾಗೆ ರೇಟು ಇಳಿಸಿ 650 ಮಾಡಿದರೆ? 35 ಬರ್ತ್ ತುಂಬಬೇಕು. ಮಂಗಳವಾರ ರಾತ್ರಿ ಯಾರು ಬರ್ತಾರೆ ಹೇಳಿ.

ಈಗಿನ ಸೀಟರ್ ನೋಡಿ. ಡೀಸೆಲ್ 6,000, ಉಳಿದದ್ದು 8,000, ಕಂತೇ ಇಲ್ಲ. 450 ರೂಪಾಯಿಗೆ 44ರಲ್ಲಿ 32 ಸೀಟು ತುಂಬಿದರೆ ಸಾಕು.

ವ್ಯಾಪಾರದ ಪೈಪೋಟಿ ಬಗ್ಗೆ ಬರೆದ ಅಮೆರಿಕದ ಪ್ರೊಫೆಸರ್ ಮೈಕಲ್ ಪೋರ್ಟರ್ 1980ರಲ್ಲಿ ‘ನಡುವೆ ಸಿಕ್ಕಿಹಾಕಿಕೊಳ್ಳೋದು’ ಅಂದದ್ದು ಇದನ್ನೇ. ಸುಮಾರು ಜನ ಇದನ್ನು ತಪ್ಪು ತಿಳೀತಾರೆ. ರೇಟು ಮಧ್ಯದಲ್ಲಿ ಇರೋದು ತಪ್ಪಲ್ಲ. ಖರ್ಚು ಮೇಲಿನ ಬಸ್ಸಿನದು, ರೇಟು ಕೆಳಗಿನ ಬಸ್ಸಿನದು ಆದಾಗ ಸಿಕ್ಕಿಬೀಳ್ತೀರಿ.

ಹಾಗಾದ್ರೆ ಅಗ್ಗದ ಕಡೆಗೇ ಪೂರ್ತಿ ಹೋಗೋಣ ಅಂತೀರಾ? ಅಲ್ಲಿ ಎದುರಿಗಿರೋದು ಕೆಎಸ್‌ಆರ್‌ಟಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ದುಡ್ಡೇ ಇಲ್ಲ. ಸೊನ್ನೆಗಿಂತ ಕೆಳಗೆ ಯಾರೂ ಇಳಿಯೋಕಾಗಲ್ಲ. ರಾಜಹಂಸ, ಐರಾವತಕ್ಕೆ ಶಕ್ತಿ ಇಲ್ಲ, ಅಂದರೆ ದುಡ್ಡು ಕೊಟ್ಟು ಹೋಗುವ ಹೆಂಗಸರು ಆರಾಮಕ್ಕೆ, ಭದ್ರತೆಗೆ ಕೊಡ್ತಿದ್ದಾರೆ. ನಿಮ್ಮ ಗಿರಾಕಿ ಅವರು.

ಆದರೆ ಬೇರೆ ಥರದ ಬಸ್ ಅನ್ನಿಸಿಕೊಳ್ಳೋದು ಎಸಿ ಹಾಕಿಸಿದ ಮಾತ್ರಕ್ಕೆ ಆಗಲ್ಲ. ಇಲ್ಲೇ ಜಾಸ್ತಿ ಜನ ಎಡವೋದು. ಸ್ಲೀಪರ್ ಬಂತು, ವಾರದ ಮಧ್ಯೆ ಹತ್ತು ಬರ್ತ್ ಖಾಲಿ. ಡ್ರೈವರ್ ತರೀಕೆರೆಯಲ್ಲಿ ಇಬ್ಬರನ್ನು ಹತ್ತಿಸ್ತಾನೆ, ಕಡೂರಲ್ಲಿ ನಿಲ್ಲಿಸಿ ಪಾರ್ಸೆಲ್ ತುಂಬ್ತಾನೆ, ತಿಪಟೂರಲ್ಲಿ ಮತ್ತೆ ಬ್ರೇಕ್. (ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್ಟಿನಲ್ಲಿ ಹೀಗೆ ದಾರಿಯಲ್ಲಿ ಜನ ಹತ್ತಿಸೋ ಹಾಗೂ ಇಲ್ಲ, ಆರ್‌ಟಿಒ ಹಿಡಿದರೆ ಅದು ಬೇರೆ.) ಐದೂವರೆಗೆ ಯಶವಂತಪುರ ತಲುಪಬೇಕಾದ ಬಸ್ ಆರೂಕಾಲಿಗೆ ಬರುತ್ತೆ. ಒಂಬತ್ತಕ್ಕೆ ಆಫೀಸ್ ಇರೋ ಹುಡುಗಿ ದುಡ್ಡು ಕೊಟ್ಟಿದ್ದು ನಿದ್ದೆಗೆ ಮತ್ತು ಆ ಮುಕ್ಕಾಲು ಗಂಟೆಗೆ. ಎರಡೂ ಹೋಯ್ತು. ಮುಂದಿನ ವಾರ ಅವಳು ದೊಡ್ಡ ಕಂಪನಿಯ ಬಸ್ ಬುಕ್ ಮಾಡ್ತಾಳೆ. ನೀವು ಇನ್ನೂ ಐವತ್ತು ರೂಪಾಯಿ ಇಳಿಸ್ತೀರಿ.

ಇನ್ನೊಂದು ಖರ್ಚು ಲೆಡ್ಜರಿನಲ್ಲಿ ಕಾಣಿಸೋದೇ ಇಲ್ಲ, ಸ್ಪೇರ್ ಬಸ್. ಈಗ ಆರೂ ಒಂದೇ ಥರ. ಒಂದು ಕೆಟ್ಟರೆ ಇನ್ನೊಂದನ್ನು ಕಳಿಸ್ತೀರಿ, ಪಾರ್ಟ್ಸೂ ಒಂದೇ, ಮೆಕ್ಯಾನಿಕ್ಕೂ ಒಬ್ಬನೇ. ಎರಡು ಸ್ಲೀಪರ್ ಬಂದ ಮೇಲೆ, ಸಂಜೆ ಏಳಕ್ಕೆ ಒಂದರ ಎಸಿ ಕಂಪ್ರೆಸರ್ ಕೈಕೊಟ್ಟರೆ? ಇನ್ನೊಂದು ಬೆಂಗಳೂರಿನಿಂದ ಹೊರಡೋಕೆ ನಿಂತಿರುತ್ತೆ. ನಾನ್-ಎಸಿ ಸೀಟರ್ ಕಳಿಸಿದರೆ ರೇಟಿನ ವ್ಯತ್ಯಾಸ ವಾಪಸ್ ಕೊಡಬೇಕು, ಬೈಗುಳ ಬೋನಸ್. ದೊಡ್ಡ ಕಂಪನಿಗೆ ಬದಲಿ ಬಸ್ ಇರುತ್ತೆ. ಅವರ ಆ ಮೇಲಿನ ಇನ್ನೂರು ಮುನ್ನೂರು ರೂಪಾಯಿಯಲ್ಲಿ ಒಂದಿಷ್ಟು ಇದಕ್ಕೇ ಹೋಗೋದು.

ನಾನಾಗಿದ್ರೆ ಹೀಗೆ ಮಾಡ್ತಿದ್ದೆ. ಒಂದೇ ಸ್ಲೀಪರ್ ಸರ್ವಿಸ್, ಅದಕ್ಕೆ ಬೇರೆ ಹೆಸರು. ಶಿವಮೊಗ್ಗದ ಬದಲು ತೀರ್ಥಹಳ್ಳಿಯಿಂದ ಹೊರಡಿಸಿ, ಅಲ್ಲಿ ಪೈಪೋಟಿ ಹೇಗಿದೆ ಅಂತ ಮೊದಲು ಹೋಗಿ ನೋಡಿ. ದೂರ ಜಾಸ್ತಿ ಆಗುತ್ತೆ, ಡೀಸೆಲ್ ಲೆಕ್ಕ ಹೊಸದಾಗಿ ಹಾಕಿ. ಶಿವಮೊಗ್ಗ ದಾಟಿದ ಮೇಲೆ ಎಲ್ಲೂ ಹತ್ತಿಸೋದಿಲ್ಲ, ದಾರಿಯಲ್ಲಿ ಪಾರ್ಸೆಲ್ ಇಲ್ಲ, ಹೆಂಗಸರ ಪಕ್ಕದ ಬರ್ತ್ ಹೆಂಗಸರಿಗೇ, ಹಾಸಿಗೆ ಬಟ್ಟೆ ಪ್ರತಿ ಟ್ರಿಪ್ಪಿಗೂ ಬದಲು. ರೇಟು ದೊಡ್ಡವರಷ್ಟೇ. ಒಂಟಿ ಬರ್ತುಗಳು ಮೊದಲು ಹೋಗ್ತವೆ, ಅವಕ್ಕೆ ಸ್ವಲ್ಪ ಜಾಸ್ತಿ ಇಡಿ. ಉಳಿದ ಸೀಟರುಗಳು ಹಾಗೇ ಓಡಲಿ, ಅವಕ್ಕೆ ಚಾರ್ಜರ್, ನೀರಿನ ಬಾಟಲಿ ಅಂತ ಒಂದು ರೂಪಾಯಿಯೂ ಸೇರಿಸಬೇಡಿ.

ಮೂರು ತಿಂಗಳಾದ ಮೇಲೆ ಶುಕ್ರವಾರ, ಭಾನುವಾರದ ಕಲೆಕ್ಷನ್ ಪಕ್ಕಕ್ಕಿಡಿ, ಆ ದಿನ ಎಲ್ಲರ ಬಸ್ಸೂ ತುಂಬುತ್ತೆ. ಮಂಗಳವಾರ, ಬುಧವಾರದ ಶೀಟ್ ತೆಗೆದು, ರೇಟು ಇಳಿಸದೆ ಎಷ್ಟು ಬರ್ತ್ ಹೋಗಿವೆ ಅಂತ ಎಣಿಸಿ. ಅದು ನಿಮ್ಮ ಅಸಲಿನ ಹತ್ತಿರ ಇದ್ದರೆ ಎರಡನೇ ಸ್ಲೀಪರಿನ ಮಾತಾಡಿ. ಆಗಲೂ ಬದಲಿ ಬಸ್ ಎಲ್ಲಿಂದ ಬರುತ್ತೆ ಅಂತ ಮೊದಲು ಬರೆದಿಡಿ. ಬೇರೆ ಮಾಲೀಕರ ಜೊತೆ ಬಾಡಿಗೆ ಒಪ್ಪಂದ ಆದರೂ ಸರಿ.