52 ವಾರದ ಗರಿಷ್ಠ ಬೆಲೆ ದಾಟಿದ ಷೇರು: ಯಾವುದನ್ನು ಕೊಳ್ಳಬೇಕು, ಯಾವಾಗ ಮಾರಬೇಕು?

ಪ್ರಶ್ನೆ: ನಾನು ಮಂಡ್ಯದಲ್ಲಿ ಅಂಗಡಿ ಇಟ್ಟಿದ್ದೇನೆ, ದಿನವಿಡೀ ಸ್ಕ್ರೀನ್ ನೋಡೋಕೆ ಆಗಲ್ಲ. 52 ವಾರದ ಹೈ ದಾಟಿದ ಷೇರುಗಳಲ್ಲಿ ಒಳ್ಳೇದನ್ನು ಹೇಗೆ ಆರಿಸೋದು, ಯಾವಾಗ ಹೊರಬರೋದು?

ಉತ್ತರ: ನಾನೂ ಮೈಸೂರಿನಲ್ಲಿ ಕೆಲಸ ಮುಗಿಸಿ ಸಂಜೆಯೇ ಚಾರ್ಟ್ ನೋಡುವವನು. ಈ ವಿಧಾನಕ್ಕೆ ಅಷ್ಟು ಸಾಕು, ಯಾಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಮೂರೂವರೆಯ ನಂತರ ಸಿಗುವ ಕ್ಲೋಸಿಂಗ್ ಬೆಲೆ ಮಾತ್ರ.

ಒಂದು ಕಲ್ಪಿತ ಷೇರನ್ನೇ ತೆಗೆದುಕೊಳ್ಳೋಣ. ಅದರ 52 ವಾರದ ಗರಿಷ್ಠ ₹480. ಎರಡು ತಿಂಗಳಿಂದ ₹440ರಿಂದ ₹480ರ ನಡುವೆಯೇ ಓಡಾಡುತ್ತಿದೆ. ಇವತ್ತು ₹492ಕ್ಕೆ ಮುಗಿಯಿತು. ಮೊದಲು ವಾಲ್ಯೂಮ್, ಅಂದರೆ ಆ ದಿನ ಎಷ್ಟು ಷೇರು ಕೈಬದಲಾಯಿತು ಅನ್ನುವುದನ್ನು ನೋಡಿ. 50 ದಿನದ ಸರಾಸರಿ 2 ಲಕ್ಷ ಇದ್ದರೆ ಇವತ್ತು ಕನಿಷ್ಠ 3 ಲಕ್ಷ ಬೇಕು, 4 ಲಕ್ಷ ದಾಟಿದರೆ ಇನ್ನೂ ಒಳ್ಳೆಯದು. ಆದರೆ ಯಾರೋ ಒಬ್ಬರು ದೊಡ್ಡ ಪಾಲು ಮಾರಿ ಇನ್ನೊಬ್ಬರು ಕೊಂಡರೂ ವಾಲ್ಯೂಮ್ ಉಬ್ಬುತ್ತದೆ. ಇಂಥ ದೊಡ್ಡ ವ್ಯವಹಾರಗಳನ್ನು ಎನ್‌ಎಸ್‌ಇ ಸಂಜೆ ಬಲ್ಕ್ ಡೀಲ್, ಬ್ಲಾಕ್ ಡೀಲ್ ಪಟ್ಟಿಯಲ್ಲಿ ಹಾಕುತ್ತದೆ. ಅದರಲ್ಲಿ ಈ ಷೇರು ಇದ್ದರೆ ಆ ದಿನದ ವಾಲ್ಯೂಮ್ ನಾನು ನಂಬುವುದಿಲ್ಲ. ದಿನದ ಹೈ ₹510 ಮುಟ್ಟಿ ₹483ಕ್ಕೆ ಇಳಿದು ಮುಗಿದಿದ್ದರೂ ಬಿಟ್ಟುಬಿಡುತ್ತೇನೆ. ಮೇಲೆ ಮಾರುವವರು ಜಾಸ್ತಿ ಇದ್ದಾರೆ ಅಂತ ಅಲ್ವಾ?

ಆಮೇಲೆ ರಿಲೇಟಿವ್ ಸ್ಟ್ರೆಂತ್. ಇದು ಆರ್‌ಎಸ್‌ಐ ಅಲ್ಲ. ಷೇರಿನ ಬೆಲೆಯನ್ನು ನಿಫ್ಟಿ 500 ಸೂಚ್ಯಂಕದಿಂದ ಭಾಗಿಸಿ ಬರುವ ಗೆರೆ. ಇಡೀ ಮಾರುಕಟ್ಟೆ ಏರುವಾಗ ಎಷ್ಟೋ ಷೇರು ಸುಮ್ನೆ ಜೊತೆಗೆ ಏರಿ ಹೊಸ ಹೈ ಮುಟ್ಟುತ್ತವೆ. ಅವುಗಳ ಗೆರೆ ಚಪ್ಪಟೆಯಾಗಿಯೇ ಇರುತ್ತದೆ. ನನಗೆ ಬೇಕಾದದ್ದು ಬೆಲೆಯ ಜೊತೆಗೋ, ಅದಕ್ಕೂ ಮೊದಲೋ ಹೊಸ ಎತ್ತರ ಮುಟ್ಟಿದ ಗೆರೆ. ನಿಫ್ಟಿ ಬಿದ್ದ ವಾರಗಳಲ್ಲಿ ಆ ಷೇರು ಎಷ್ಟು ಕಡಿಮೆ ಬಿತ್ತು ಅನ್ನುವುದರಲ್ಲೇ ಅದರ ಬಲ ಗೊತ್ತಾಗುತ್ತದೆ.

ಇನ್ನು ಹೊರಬರುವುದು. ಇದನ್ನು ಕೊಳ್ಳುವ ಮೊದಲೇ ಬರೆದಿಡಿ, ಎಷ್ಟು ಷೇರು ಕೊಳ್ಳಬೇಕು ಅನ್ನುವುದೂ ಇದರಿಂದಲೇ ಬರುತ್ತದೆ. ಮಾರನೇ ದಿನ ₹494ಕ್ಕೆ ಕೊಂಡಿರಿ, ಸ್ಟಾಪ್, ಅಂದರೆ ನಷ್ಟವಾದರೂ ಮಾರಿಬಿಡುವ ಬೆಲೆ, ₹456 ಅಂದುಕೊಳ್ಳಿ. ಒಂದು ಷೇರಿಗೆ ನಷ್ಟ ₹38. ಬಂಡವಾಳ ₹5 ಲಕ್ಷ, ಒಂದು ವ್ಯವಹಾರದಲ್ಲಿ ಶೇ 1 ಅಂದರೆ ₹5,000 ಮಾತ್ರ ಕಳೆದುಕೊಳ್ಳಬಹುದು ಅಂತಿದ್ದರೆ 131 ಷೇರು, ಸುಮಾರು ₹65,000.

ಮೊದಲ ಎರಡು ವಾರದಲ್ಲಿ ಜೋರು ವಾಲ್ಯೂಮ್‌ನೊಂದಿಗೆ ₹480ರ ಕೆಳಗೆ ಕ್ಲೋಸ್ ಆದರೆ ಸ್ಟಾಪ್ ಬರುವವರೆಗೂ ಕಾಯಬೇಡಿ. ₹480 ದಾಟಿದ ಬ್ರೇಕ್‌ಔಟ್ ಸುಳ್ಳಾಯಿತು, ಮಾರನೇ ಬೆಳಿಗ್ಗೆ ಮಾರಿ. ಶೇ 20ರಷ್ಟು ಏರಿದ ಮೇಲೆ ನಾನು ಶುಕ್ರವಾರದ ಬೆಲೆ ಮಾತ್ರ ನೋಡುತ್ತೇನೆ. ವಾರದ ಕ್ಲೋಸ್ 10 ವಾರದ ಸರಾಸರಿಗಿಂತ ಕೆಳಗೆ ಬಂದರೆ ಪೂರ್ತಿ ಹೊರಗೆ. ತುದಿಯಲ್ಲಿ ಮಾರಲು ಇದರಿಂದ ಆಗುವುದಿಲ್ಲ, ಲಾಭದ ಒಂದಿಷ್ಟು ವಾಪಸ್ ಹೋಗುತ್ತದೆ. ಆದರೆ ದೊಡ್ಡ ಏರಿಕೆಯಲ್ಲಿ ಕೊನೆವರೆಗೂ ಇರಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ.

ನೀವು ಅಂಗಡಿಯಲ್ಲಿರುತ್ತೀರಿ, ಬೆಲೆ ಟ್ರಿಗರ್ ಮುಟ್ಟಿದಾಗ ತಾನಾಗಿಯೇ ಮಾರಾಟದ ಆರ್ಡರ್ ಕಳಿಸುವ ಜಿಟಿಟಿ ಹಾಕಿಡುತ್ತೀರಿ. ಟ್ರಿಗರ್ ₹456, ಲಿಮಿಟ್ ₹450 ಇಟ್ಟಿದ್ದು, ಕೆಟ್ಟ ಫಲಿತಾಂಶ ಬಂದು ಷೇರು ₹435ಕ್ಕೇ ಓಪನ್ ಆದರೆ ಆ ಆರ್ಡರ್ ಮಾರಾಟವಾಗದೆ ಹಾಗೇ ಉಳಿಯುತ್ತದೆ. ಅದಕ್ಕೇ ತ್ರೈಮಾಸಿಕ ಫಲಿತಾಂಶದ ಮಾರನೇ ದಿನ ಒಂಬತ್ತೂಕಾಲಿಗೆ ಒಮ್ಮೆ ಫೋನ್ ತೆಗೆದು ನೋಡಲೇಬೇಕು.