ಕೊನೆಯ ಅಕ್ಷರಕ್ಕೆ ಎರಡು ಮಾತ್ರೆ: ಫ್ರೆಂಚ್ ಲಯದ ಅಭ್ಯಾಸ

ಪ್ರಶ್ನೆ: ಒಂದು ವರ್ಷದಿಂದ ಫ್ರೆಂಚ್ ಕಲಿಯುತ್ತಿದ್ದೇನೆ. ಒಂದೊಂದು ಪದವನ್ನೂ ಸರಿಯಾಗಿಯೇ ಹೇಳುತ್ತೇನೆ, ಆದರೆ ಇಡೀ ವಾಕ್ಯ ಮಾತ್ರ ಫ್ರೆಂಚ್‌ನಂತೆ ಕೇಳಿಸುವುದಿಲ್ಲ ಎನ್ನುತ್ತಾರೆ. ಶ್ಯಾಡೋಯಿಂಗ್ ಮತ್ತು ಟಂಗ್ ಟ್ವಿಸ್ಟರ್‌ಗಳಿಂದ ಇದು ಸರಿಹೋಗುತ್ತದೆಯೇ? ಹೇಗೆ ಮಾಡಬೇಕು?

ಸರಿಹೋಗುತ್ತದೆ. ಆದರೆ ಶ್ಯಾಡೋಯಿಂಗ್ ಅನ್ನು, ಅಂದರೆ ಧ್ವನಿಮುದ್ರಣವನ್ನು ಕೇಳುತ್ತಲೇ ಅದರ ಬೆನ್ನಲ್ಲೇ ಹೇಳುತ್ತಾ ಹೋಗುವುದನ್ನು, ಸಿದ್ಧತೆಯಿಲ್ಲದೆ ಮಾಡಿದರೆ, ಟಂಗ್ ಟ್ವಿಸ್ಟರ್ ಅನ್ನು ವೇಗಕ್ಕಾಗಿ ಮಾಡಿದರೆ ಲಯ ಸುಧಾರಿಸುವುದಿಲ್ಲ. ನಾನು ಹಲವು ತಿಂಗಳು ಹಾಗೆಯೇ ಮಾಡಿ ನೋಡಿದ್ದೇನೆ. ಎರಡೂ ಅಭ್ಯಾಸಗಳ ಗುರಿ ಒಂದೇ ಎಂದು ತಿಳಿದ ಮೇಲೆ ನನ್ನ ಮಾತು ಬದಲಾಗತೊಡಗಿತು. ಆ ಗುರಿಯನ್ನು ಛಂದಸ್ಸಿನ ಮಾತಿನಲ್ಲಿ ಹೇಳುವುದು ಎಲ್ಲಕ್ಕಿಂತ ಸುಲಭ.

ಫ್ರೆಂಚ್‌ನಲ್ಲಿ ಪದಕ್ಕೆ ಅದರದೇ ಆದ ಒತ್ತು ಇಲ್ಲ. ಅರ್ಥದಲ್ಲಿ ಒಟ್ಟಿಗೆ ಸೇರುವ ಮೂರು, ನಾಲ್ಕು ಪದಗಳು ಒಂದು ಲಯದ ಗುಂಪಾಗುತ್ತವೆ, ಮತ್ತು ಆ ಗುಂಪಿನ ಕೊನೆಯ ಅಕ್ಷರಕ್ಕೆ ಮಾತ್ರ ಒತ್ತು ಬೀಳುತ್ತದೆ. ಈ ಒತ್ತು ಬಹುಮಟ್ಟಿಗೆ ಕಾಲದ ಒತ್ತು: ಕೊನೆಯ ಅಕ್ಷರ ಉಳಿದವುಗಳಿಗಿಂತ ಸುಮಾರು ಎರಡರಷ್ಟು ಹೊತ್ತು ನಿಲ್ಲುತ್ತದೆ, ದನಿ ಅಲ್ಲಿ ಏರುತ್ತದೆ ಅಥವಾ ಇಳಿಯುತ್ತದೆ, ಆದರೆ ಗಟ್ಟಿಯಾಗಬೇಕಾಗಿಲ್ಲ. ಅಂದರೆ ಒಂದು ಗುಂಪು ಎಂದರೆ ಸಾಲಾಗಿ ಬರುವ ಲಘುಗಳು, ಕೊನೆಯಲ್ಲಿ ಒಂದೇ ಒಂದು ಗುರು.

ನಮಗೆ ತೊಡಕಾಗುವುದು ಇಲ್ಲಿಯೇ. ದೀರ್ಘ ಸ್ವರ, ಅನುಸ್ವಾರ, ಮುಂದೆ ಒತ್ತಕ್ಷರವಿರುವ ಅಕ್ಷರ, ಇವೆಲ್ಲವನ್ನೂ ಗುರುವೆಂದು ಎಣಿಸಲು ಕನ್ನಡದ ಕಿವಿ ಒಗ್ಗಿಕೊಂಡಿದೆ. ಫ್ರೆಂಚ್ ಗುಂಪಿನ ನಡುವೆ ಮೂಗಿನ ಸ್ವರ ಬಂದರೂ, ವ್ಯಂಜನದಲ್ಲಿ ಮುಗಿಯುವ ಅಕ್ಷರ ಬಂದರೂ ಅದು ಲಘುವಾಗಿಯೇ ಉಳಿಯಬೇಕು. ನಾವು ಅರಿವಿಲ್ಲದೆ ಅಲ್ಲಿ ಒಂದು ಮಾತ್ರೆ ಹೆಚ್ಚು ಕೊಡುತ್ತೇವೆ. ಹಾಗಾಗಿ ಪ್ರತಿ ಪದವೂ ಸರಿಯಿದ್ದು ವಾಕ್ಯ ಮಾತ್ರ ತಪ್ಪುತ್ತದೆ.

ನಾನು ಬಹಳ ದಿನ ಅಭ್ಯಾಸ ಮಾಡಿದ ಒಂದು ಸರಳ ವಾಕ್ಯವನ್ನೇ ಉದಾಹರಣೆಗೆ ಕೊಡುತ್ತೇನೆ. 'ಶನಿವಾರ ಬೆಳಿಗ್ಗೆ ಮರಿ ಎಂಬಾಕೆ ತನ್ನ ಗೆಳೆಯರೊಂದಿಗೆ ಪ್ಯಾರಿಸ್‌ಗೆ ಬರುತ್ತಾಳೆ' ಎಂಬುದು ಅದರ ಅರ್ಥ. ಉಚ್ಚಾರಣೆಯನ್ನು ಬೇಕೆಂದೇ ಹ್ರಸ್ವ ಸ್ವರಗಳಲ್ಲಿ ಬರೆಯುತ್ತಿದ್ದೇನೆ. ಸೊನ್ನೆ ಕಂಡಲ್ಲಿ ಸ್ವರವನ್ನು ಮೂಗಿನಲ್ಲಿ ನುಡಿಯಬೇಕು, ಬಾಯಿ ಮುಚ್ಚಿ ನಕಾರ, ಮಕಾರ ತರಬಾರದು.

ಸಮ್-ದಿ-ಮ-ತೆಂ / ಮ-ರಿ-ಅ-ರಿ-ವ-ಪ-ರಿ / ಅ-ವೆಕ್-ಸೆ-ಜ-ಮಿ

ನಾಲ್ಕು, ಏಳು, ಐದು, ಒಟ್ಟು ಹದಿನಾರು ಅಕ್ಷರಗಳು. ಪದಗಳ ಗಡಿ ಹೇಗೆ ಕರಗಿದೆ ಎಂಬುದನ್ನು ಗಮನಿಸಿ: 'ಅರಿವ್' ಎಂಬ ಕ್ರಿಯಾಪದದ ಕೊನೆಯ ವ್ಯಂಜನ ಮುಂದಿನ 'ಅ'ಕಾರಕ್ಕೆ ಹಾರಿ 'ವ' ಆಗಿದೆ, 'ಸೆ' ಮತ್ತು 'ಅಮಿ' ಸೇರಿ ನಡುವೆ 'ಜ' ಕೇಳಿಸಿದೆ. ಈ 'ಜ'ವನ್ನು ಸಕಾರಕ್ಕೆ ಕಂಠದ ಕಂಪನ ಸೇರಿಸಿದಂತೆ ಮೆತ್ತಗೆ ನುಡಿಯಬೇಕು. ಗುರು ಬೀಳುವ ಅಕ್ಷರಗಳು ಮೂರೇ: ತೆಂ, ಪ್ಯಾರಿಸ್ ಎಂಬುದರ ರಿ, ಕೊನೆಯ ಮಿ. ಮೊದಲೆರಡರಲ್ಲಿ ದನಿ ಏರುತ್ತದೆ, ಏಕೆಂದರೆ ಮಾತು ಇನ್ನೂ ಮುಗಿದಿಲ್ಲ, ಮೂರನೆಯದರಲ್ಲಿ ಕೆಳಗಿಳಿಯುತ್ತದೆ. ವಾಕ್ಯದ ಕೊನೆಗೆ ಇಟಲಿಯ ಗೆಳೆಯರು ಎಂದು ಸೇರಿಸಿ 'ಅ-ವೆಕ್-ಸೆ-ಜ-ಮಿ-ದಿ-ತ-ಲಿ' ಎಂದರೆ, ಅದುವರೆಗೆ ಗುರುವಾಗಿದ್ದ ಮಿ ಲಘುವಾಗುತ್ತದೆ, ಉದ್ದವೂ ಇಳಿತವೂ ಲಿಗೆ ಹೋಗುತ್ತವೆ. ಫ್ರೆಂಚ್ ಒತ್ತು ಪದಕ್ಕೆ ಸೇರಿದ್ದಲ್ಲ, ಗುಂಪಿನ ಅಂಚಿಗೆ ಸೇರಿದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಶ್ಯಾಡೋಯಿಂಗ್ ಅನ್ನು ಸಿದ್ಧತೆಯಿಲ್ಲದೆ ಮಾಡಬಾರದು ಎಂದದ್ದೂ ಇದೇ ಕಾರಣಕ್ಕೆ. ಕೇಳಿದ ಅರೆಕ್ಷಣದ ಹಿಂದೆ ನೀವು ಹೇಳುತ್ತಾ ಹೋಗುವಾಗ ಗುಂಪು ಎಲ್ಲಿ ಮುಗಿಯುತ್ತದೆ ಎಂಬುದು ನಿಮಗೆ ಗೊತ್ತಿರುವುದಿಲ್ಲ. ಅಂಚು ಗೊತ್ತಿಲ್ಲದವರು ಅಂಚಿನ ಅಕ್ಷರವನ್ನು ಎಳೆಯುವುದು ಹೇಗೆ? ಪರಿಣಾಮವಾಗಿ ಎಲ್ಲ ಅಕ್ಷರಗಳೂ ಒಂದೇ ಅಳತೆಯಾಗುತ್ತವೆ, ಇಲ್ಲವೇ ನಮ್ಮ ಅಭ್ಯಾಸದಂತೆ ಪದದ ಮೊದಲ ಅಕ್ಷರ ಗಟ್ಟಿಯಾಗುತ್ತದೆ. ಆದ್ದರಿಂದ ನಾನು ಇಪ್ಪತ್ತು, ಮೂವತ್ತು ಸೆಕೆಂಡುಗಳ ಒಂದು ತುಣುಕನ್ನು ಮಾತ್ರ ತೆಗೆದುಕೊಳ್ಳುತ್ತೇನೆ, ಅದರ ಬರಹ ಕೈಯಲ್ಲಿರಬೇಕು. ಮೊದಲು ಬಾಯಿ ತೆರೆಯದೆ ಕೇಳಿ, ಎಲ್ಲೆಲ್ಲಿ ಅಕ್ಷರ ಉದ್ದವಾಯಿತೋ ಅಲ್ಲೆಲ್ಲ ಬರಹದಲ್ಲಿ ಒಂದು ಗೆರೆ ಹಾಕುತ್ತೇನೆ, ಪ್ರತಿ ಗುಂಪಿನ ಅಕ್ಷರಗಳನ್ನು ಎಣಿಸಿ ಮೇಲೆ ಅಂಕಿ ಬರೆಯುತ್ತೇನೆ, ಗೆರೆಯ ಪಕ್ಕದಲ್ಲಿ ದನಿ ಏರಿತೋ ಇಳಿಯಿತೋ ಎಂಬುದಕ್ಕೆ ಒಂದು ಬಾಣದ ಗುರುತು ಹಾಕುತ್ತೇನೆ.

ಆಮೇಲೆ ಪದಗಳಿಲ್ಲದೆ ಗುನುಗುವ ಹಂತ. ಬಾಯಿ ಮುಚ್ಚಿಕೊಂಡು, ಧ್ವನಿಮುದ್ರಣದ ಜೊತೆಯಲ್ಲೇ, ಕೇವಲ ಏರಿಳಿತ ಮತ್ತು ಉದ್ದವನ್ನು ಗುನುಗಬೇಕು. ಇದನ್ನು ಹಲವರು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಅಭ್ಯಾಸದಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟದ್ದು ಇದೇ, ಏಕೆಂದರೆ ವ್ಯಂಜನಗಳ ಚಿಂತೆ ಇಲ್ಲದಾಗ ಮಾತ್ರ ನನ್ನ ದನಿ ಪ್ರತಿ ಗೆರೆಯಲ್ಲೂ ಕೆಳಗೆ ಬೀಳುತ್ತಿದೆ ಎಂಬುದು ನನಗೇ ಕೇಳಿಸಿತು. ಹಾಗೆ ಬಿದ್ದರೆ ಕೇಳುವವರಿಗೆ ಪ್ರತಿ ಗುಂಪೂ ಮುಗಿದ ವಾಕ್ಯದಂತೆ ತೋರುತ್ತದೆ.

ಪದಗಳನ್ನು ತರುವಾಗ ಹಿಂದಿನಿಂದ ಕಟ್ಟಿಕೊಂಡು ಬನ್ನಿ: ಮಿ, ಜ-ಮಿ, ಸೆ-ಜ-ಮಿ, ವೆಕ್-ಸೆ-ಜ-ಮಿ, ಅ-ವೆಕ್-ಸೆ-ಜ-ಮಿ. ಪ್ರತಿ ಸಲವೂ ಉದ್ದವಾದ, ಇಳಿಯುವ ಮಿ ಹಾಗೆಯೇ ಇರುತ್ತದೆ, ಅದರ ಮುಂದೆ ಲಘುಗಳು ಒಂದೊಂದಾಗಿ ಸೇರುತ್ತವೆ. ಮುಂದಿನಿಂದ ಕಟ್ಟಿದರೆ ಪ್ರತಿ ಹೆಜ್ಜೆಯಲ್ಲೂ ಒತ್ತು ಜಾಗ ಬದಲಿಸುತ್ತದೆ, ನಾಲಿಗೆಗೆ ನೆಲೆ ಸಿಗುವುದಿಲ್ಲ. ಇಲ್ಲಿ 'ವೆಕ್' ನಿಮ್ಮ ಪರೀಕ್ಷೆಯ ಜಾಗ. ನಮ್ಮಲ್ಲಿ ಅನೇಕರು ಅದನ್ನು 'ವೆಕ್ಕು' ಎಂದು ಕಕಾರವನ್ನು ಇಮ್ಮಡಿಸಿ, ಕೊನೆಗೊಂದು ಉಕಾರವನ್ನೂ ಸೇರಿಸುತ್ತೇವೆ. ಬಸ್ ಎಂಬುದು ನಮ್ಮ ಬಾಯಲ್ಲಿ ಬಸ್ಸು ಆಗುವುದು ಇದೇ ಅಭ್ಯಾಸದಿಂದ. ಆಗ ಐದು ಅಕ್ಷರ ಆರಾಗುತ್ತದೆ. ಹೇಳುತ್ತಾ ಬೆರಳಿನಿಂದ ಮೇಜು ತಟ್ಟಿ. ಐದಕ್ಕಿಂತ ಹೆಚ್ಚು ತಟ್ಟು ಬಂದರೆ ಎಲ್ಲೋ ಒಂದು ಸ್ವರ ನುಸುಳಿದೆ. ಇಷ್ಟಾದ ಮೇಲೆಯೇ ಧ್ವನಿಮುದ್ರಣದೊಂದಿಗೆ ಹೇಳಬೇಕು, ಅದೂ ಹಿಂದಿನಿಂದ ಬೆನ್ನಟ್ಟದೆ, ಅದರ ಜೊತೆಜೊತೆಗೆ, ಕೊನೆಯ ಅಕ್ಷರ ಒಂದೇ ಹೊತ್ತಿಗೆ ಮುಗಿಯುವಂತೆ.

ಟಂಗ್ ಟ್ವಿಸ್ಟರ್‌ಗಳನ್ನು ನಾನು ಇದರ ನಂತರ ಬಳಸುತ್ತೇನೆ, ಮತ್ತು ಎರಡನ್ನು ಮಾತ್ರ. ಮೊದಲನೆಯದು, ನಿನ್ನ ಚಹಾ ನಿನ್ನ ಕೆಮ್ಮನ್ನು ಕಳೆಯಿತೇ ಎಂದು ಕೇಳುವ ಸಾಲು: ತೊಂ-ತೆ-ತ-ತಿ-ಲೊ-ತೆ-ತ-ತು. ಎಂಟು ಅಕ್ಷರ, ಒಂದು ಬಿಟ್ಟು ಎಲ್ಲವೂ ತಕಾರದಿಂದ ಆರಂಭವಾಗುತ್ತವೆ. ಕನ್ನಡದ 'ತ' ದಂತ್ಯ, ಅಲ್ಪಪ್ರಾಣ. ಫ್ರೆಂಚ್‌ನದೂ ಹಾಗೆಯೇ, ಆದ್ದರಿಂದ ಉಚ್ಚಾರಣೆ ನಮಗೆ ಹೊರೆಯಾಗುವುದಿಲ್ಲ, ಗಮನವೆಲ್ಲ ಲಯದ ಮೇಲಿಡಬಹುದು. ಏಳು ತಟ್ಟುಗಳು ಒಂದೇ ಅಂತರದಲ್ಲಿ ಬರಬೇಕು, ಎಂಟನೆಯದು ಎರಡು ತಟ್ಟಿನಷ್ಟು ನಿಲ್ಲಬೇಕು, ಮತ್ತು ಹೌದು ಅಥವಾ ಇಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಯಾದ್ದರಿಂದ ದನಿ ಅಲ್ಲಿ ಮೇಲೇರಬೇಕು. ಮೊದಲ 'ತೊಂ' ಸೊನ್ನೆಯ ಅಕ್ಷರವಾದ್ದರಿಂದ ಎಳೆಯಬೇಕೆನಿಸುತ್ತದೆ, ಎಳೆಯಬಾರದು.

ಎರಡನೆಯದು ದಿದೊಂ ಎಂಬ ರಾಣಿ ಕೊಬ್ಬಿದ ಟರ್ಕಿ ಕೋಳಿಯ ಬೆನ್ನಿನ ಭಾಗವನ್ನು ಊಟ ಮಾಡಿದಳಂತೆ ಎನ್ನುವ ಸಾಲು: ದಿ-ದೊಂ-ದಿ-ನ / ದಿ-ತೊಂ / ದ್ಯು-ದೊ-ದೆಂ-ದೊ-ದ್ಯು-ದೆಂ-ದೊಂ. 'ದ್ಯು' ಎಂದು ಬರೆದಿರುವುದನ್ನು ಇಕಾರಕ್ಕೆ ನಾಲಿಗೆಯನ್ನಿಟ್ಟು ತುಟಿಯನ್ನು ಉಕಾರದಂತೆ ದುಂಡಗೆ ಮಾಡಿ ಹೇಳಬೇಕು. ನಾಲ್ಕು, ಎರಡು, ಏಳು ಅಕ್ಷರಗಳು. ಸ್ವರದ ಏರಿಳಿತ ಕಲಿಯಲು ಇದಕ್ಕಿಂತ ಒಳ್ಳೆಯ ಸಾಲು ನನಗೆ ಸಿಕ್ಕಿಲ್ಲ, ಏಕೆಂದರೆ ಒಂದೇ ಸಾಲಿನಲ್ಲಿ ಮೂರು ಬಗೆಗಳಿವೆ: 'ನ'ದಲ್ಲಿ ಏರುತ್ತದೆ, 'ದಿ-ತೊಂ' ಎಂಬುದು 'ಅಂತೆ' ಎನ್ನುವ ನಡುವಿನ ಮಾತು, ಅದು ತಗ್ಗಿನ ದನಿಯಲ್ಲಿ ಮಟ್ಟಸವಾಗಿ ಹೋಗುತ್ತದೆ, ಕೊನೆಯ 'ದೊಂ'ನಲ್ಲಿ ಪೂರ್ತಿ ಇಳಿಯುತ್ತದೆ. ನಡುವಿನ ಸೊನ್ನೆಗಳೆಲ್ಲ ಲಘುವಾಗಿ ಉಳಿದರೆ ನಿಮ್ಮ ಕಿವಿ ಹಳೆಯ ಎಣಿಕೆಯನ್ನು ಬಿಟ್ಟಿದೆ ಎಂದರ್ಥ.

ವೇಗ ಹೆಚ್ಚಿಸುವಾಗ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಕೊನೆಯ ಗುರು ಮೊಟಕಾದ ಕ್ಷಣದಲ್ಲಿ ಹಿಂದಿನ ವೇಗಕ್ಕೆ ಮರಳುವುದು. ವೇಗದ ಆಸೆಗೆ ಮೊದಲು ಬಲಿಯಾಗುವುದು ಆ ಅಕ್ಷರವೇ, ಅದು ಹೋದರೆ ಉಳಿಯುವುದು ವ್ಯಂಜನಗಳ ಕಸರತ್ತು ಮಾತ್ರ.

ಪರೀಕ್ಷಿಸಲು ನಿಮ್ಮ ದನಿಯನ್ನು ಮುದ್ರಿಸಿಕೊಂಡು ಮೂಲದ ಪಕ್ಕದಲ್ಲಿ ಕೇಳಿ. Praat ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ದನಿಯ ಏರಿಳಿತ ನೀಲಿ ಗೆರೆಯಾಗಿ ಕಾಣುತ್ತದೆ, ಒಂದು ಅಕ್ಷರವನ್ನು ಆಯ್ದರೆ ಅದರ ಅವಧಿ ಸೆಕೆಂಡುಗಳಲ್ಲಿ ತೋರುತ್ತದೆ. ನನ್ನ ಮೊದಲ ಮುದ್ರಣದಲ್ಲಿ ಅತಿ ಉದ್ದದ ಅಕ್ಷರ 'ಸಮ್' ಆಗಿತ್ತು, 'ತೆಂ' ಅದಕ್ಕಿಂತ ಗಿಡ್ಡವಾಗಿತ್ತು. ಒತ್ತು ಕೊಡುತ್ತಿದ್ದೇನೆ ಎಂದು ನಾನು ನಂಬಿದ್ದ ಜಾಗದಲ್ಲಿ ದನಿ ಗಟ್ಟಿಯಾಗಿತ್ತೇ ಹೊರತು ಉದ್ದವಾಗಿರಲಿಲ್ಲ. ಮೂರು ವಾರ, ದಿನಕ್ಕೆ ಹದಿನೈದು ನಿಮಿಷ ಇದೊಂದೇ ತುಣುಕನ್ನು ಮಾಡಿದ ಮೇಲೆ ಅದು ತಿರುಗಿತು.

ತುಣುಕನ್ನು ಆರಿಸುವಾಗ ಎರಡು ಎಚ್ಚರಿಕೆಗಳಿವೆ. ವಾರ್ತೆ ಓದುವವರನ್ನು, ಭಾಷಣಕಾರರನ್ನು ಮೊದಲಿಗೆ ಅನುಸರಿಸಬೇಡಿ. ಒತ್ತಿಹೇಳಲೆಂದು ಅವರು ಪದದ ಮೊದಲ ಭಾಗವನ್ನು ಎತ್ತುವುದು ಹೆಚ್ಚು, ಅದು ನಮ್ಮ ಹಳೆಯ ಅಭ್ಯಾಸಕ್ಕೇ ನೀರೆರೆಯುತ್ತದೆ. ಇಬ್ಬರು ಸಾವಧಾನವಾಗಿ ಮಾತನಾಡುವ ಸಂಭಾಷಣೆ ಉತ್ತಮ. ಹಾಗೆಯೇ ದಕ್ಷಿಣ ಫ್ರಾನ್ಸ್‌ನ ಮಾತಿನಲ್ಲಿ ಇತರೆಡೆ ಬಿಟ್ಟುಹೋಗುವ ದುರ್ಬಲ ಸ್ವರಗಳು ಹಲವೆಡೆ ಕೇಳಿಸುತ್ತವೆ. ಅಲ್ಲಿ 'ಸಮ್-ದಿ' ಎಂಬ ಎರಡು ಅಕ್ಷರ 'ಸ-ಮ-ದಿ' ಎಂದು ಮೂರಾಗಬಹುದು. ಅದು ತಪ್ಪಲ್ಲ, ಆದರೆ ಮೊದಲ ಕೆಲವು ತಿಂಗಳು ಒಂದೇ ಪ್ರದೇಶದ ದನಿಯನ್ನು ಹಿಡಿದರೆ ನಿಮ್ಮ ಅಕ್ಷರಗಳ ಎಣಿಕೆ ತಾಳೆಯಾಗುತ್ತದೆ.