ಮಾಡಲಾ, ಮಾಡ್ತೀನಿ, ಮಾಡಿದೆ

*ಸಂಪಾದಕರೇ, ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಏಳು ವರ್ಷದ ಅನುಭವ ಇದೆ. ಹೊಸ ಮ್ಯಾನೇಜರ್ ಬಂದು ಐದು ತಿಂಗಳಾಯಿತು. ದಿನಕ್ಕೆ ಹತ್ತು ಹನ್ನೆರಡು ಸಲ ಫೋನ್. ಗಾಡಿ ಬಂತಾ, ಲಾರಿ ರಸೀದಿ ಎಲ್‌ಆರ್ ಎಲ್ಲಿ, ಯಾಕೆ ಆ ಟ್ರಾನ್ಸ್‌ಪೋರ್ಟ್? ಹೊಸೂರಿಗೆ ಒಂದು ಟೆಂಪೋ ಕಳಿಸಲಿಕ್ಕೂ ಅವರನ್ನು ಕೇಳಬೇಕು. ನನ್ನ ಮೇಲೆ ನಂಬಿಕೆಯೇ ಇಲ್ಲ. ಏನು ಮಾಡಲಿ?*
*— ಓದುಗ, ಬೆಂಗಳೂರು*

ಒಂದು ವಾರ ಏನೂ ಬದಲಾಯಿಸಬೇಡಿ. ಮೇಜಿನ ಮೇಲೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಅವರು ಕೇಳಿದ ಪ್ರತಿ ಪ್ರಶ್ನೆಯನ್ನೂ ಗಂಟೆ ಸಮೇತ ಬರೆದಿಡಿ, ಅಷ್ಟೇ. ಶನಿವಾರ ತೆಗೆದು ನೋಡಿ. ಅರವತ್ತು ಫೋನ್ ಬಂದಿದ್ದರೂ ಅರವತ್ತು ಪ್ರಶ್ನೆ ಇರುವುದಿಲ್ಲ, ಮೂರೋ ನಾಲ್ಕೋ ಪ್ರಶ್ನೆ ತಿರುಗಿ ತಿರುಗಿ ಬಂದಿರುತ್ತವೆ. ಗಂಟೆಯನ್ನೂ ಗಮನಿಸಿ. ಬೆಳಗ್ಗೆ ಹತ್ತೂವರೆಗೆ ಫೋನಿನ ಮೇಲೆ ಫೋನ್ ಬರುತ್ತದೆ ಅಂದುಕೊಳ್ಳಿ. ಬಹುಶಃ ಹನ್ನೊಂದಕ್ಕೆ ಮಾಲೀಕರೋ ಗಿರಾಕಿಯೋ ಅವರನ್ನೇ ಕೇಳುತ್ತಿರುತ್ತಾರೆ. ಹೊಸದಾಗಿ ಬಂದವರು, ಗೊತ್ತಿಲ್ಲ ಅನ್ನಲಿಕ್ಕೆ ಆಗುವುದಿಲ್ಲ, ಅದಕ್ಕೇ ನಿಮ್ಮ ಜೀವ ತಿನ್ನುತ್ತಾರೆ.

ನನಗೂ ಇಂಥದ್ದೇ ಒಬ್ಬರಿದ್ದರು. ಆಗ ನಾನು ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕ. ಪುಟ ಕಟ್ಟುವವನ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದರು, ಉಸಿರು ಕತ್ತಿಗೆ ತಾಗುವಷ್ಟು ಹತ್ತಿರ. ನಾನು ಮಾಡಿದ ದಡ್ಡತನ ಏನೆಂದರೆ, ಅವರು ಜಾಸ್ತಿ ಕೇಳಿದಷ್ಟೂ ಕಡಿಮೆ ಹೇಳುತ್ತಾ ಹೋದೆ. ಅವರು ಇನ್ನೂ ಹತ್ತಿರ ಬಂದರು. ಅದರಲ್ಲೇ ಒಂದು ವರ್ಷ ಹೋಯಿತು.

ಎರಡನೇ ವಾರದಿಂದ ಅವರ ಪ್ರಶ್ನೆಗೆ ಹದಿನೈದು ನಿಮಿಷ ಮುಂಚೆ ನಿಮ್ಮ ಮೆಸೇಜ್ ಹೋಗಲಿ. ದಿನಕ್ಕೆ ಎರಡು ಸಾಕು. ಹತ್ತೂ ಕಾಲಿಗೆ ಒಂದು, ಮೂರು ಗಂಟೆಗೆ ಇನ್ನೊಂದು. ಸುಮ್ನೆ ಉದ್ದ ಬರೆಯಬೇಡಿ, ಫೋನ್ ಸ್ಕ್ರೀನಿನಲ್ಲಿ ಒಂದೇ ನೋಟಕ್ಕೆ ಮುಗಿಯಬೇಕು. ಹೀಗೆ:

*ಸರ್, ಹೊಸೂರು ಗಾಡಿ 9.40ಕ್ಕೆ ಹೊರಟಿತು, ಎಲ್‌ಆರ್ ಫೋಟೋ ಕೆಳಗಿದೆ. ಪುಣೆ ಲೋಡು: 14 ಬಾಕ್ಸಲ್ಲಿ 11 ಪ್ಯಾಕ್ ಆಗಿದೆ, 3 ಇನ್ನೂ ಕ್ವಾಲಿಟಿಯಲ್ಲಿದೆ, 12.30ಕ್ಕೆ ಕೊಡ್ತೀವಿ ಅಂದಿದ್ದಾರೆ. ಕೊಡದಿದ್ದರೆ 11 ಇವತ್ತು ಕಳಿಸಿ, 3 ನಾಳೆ ಗಾಡಿಗೆ ಹಾಕಲಾ? ಮತ್ತೆ 3 ಗಂಟೆಗೆ ತಿಳಿಸ್ತೀನಿ.*

ಇದರಲ್ಲಿ ಮುಖ್ಯ ಕೊನೆಯ ಸಾಲು. ಮುಂದಿನ ಸುದ್ದಿ ಯಾವಾಗ ಅಂತ ಗೊತ್ತಿದ್ದರೆ ನಡುವೆ ಫೋನ್ ಮಾಡುವ ಚಡಪಡಿಕೆ ಕಡಿಮೆಯಾಗುತ್ತದೆ. ಆದರೆ ಮೂರು ಅಂದಮೇಲೆ ಮೂರು. ಹೇಳಲಿಕ್ಕೆ ಏನೂ ಇಲ್ಲದಿದ್ದರೂ 'ಮೂರು ಬಾಕ್ಸ್ ಇನ್ನೂ ಬಂದಿಲ್ಲ, ಮತ್ತೆ 4ಕ್ಕೆ' ಅಂತ ಕಳಿಸಿ. ಒಂದು ದಿನ ಮರೆತರೆ ಅವತ್ತೇ ಹನ್ನೆರಡು ಫೋನ್ ವಾಪಸ್ ಬರುತ್ತವೆ.

ಇನ್ನೊಂದು ಪದ ಗಮನಿಸಿ: 'ಹಾಕಲಾ?' ನಿಮ್ಮ ಇಡೀ ಸಮಸ್ಯೆಯನ್ನು ನಾನು ಮೂರು ಪದದಲ್ಲಿ ನೋಡುತ್ತೇನೆ: ಮಾಡಲಾ, ಮಾಡ್ತೀನಿ, ಮಾಡಿದೆ. ಈಗ ನೀವು ಎಲ್ಲದಕ್ಕೂ 'ಮಾಡಲಾ' ಅನ್ನಬೇಕಾಗಿದೆ, ಮನಸ್ಸು ಮಾತ್ರ 'ಮಾಡಿದೆ' ಅನ್ನಲಿಕ್ಕೆ ಹಾತೊರೆಯುತ್ತಿದೆ. ನಡುವಿನದನ್ನು ಬಿಟ್ಟು ನೆಗೆಯಬೇಡಿ. ಮೊದಲ ಎರಡು ಮೂರು ವಾರ 'ಮಾಡಲಾ'ನೇ ಇರಲಿ, ಆದರೆ ಬರಿಗೈಯಲ್ಲಿ ಕೇಳಬೇಡಿ, ಉತ್ತರವನ್ನೂ ನೀವೇ ಇಟ್ಟು ಕೇಳಿ. 'ಏನು ಮಾಡಲಿ ಸರ್' ಅಂದರೆ ತೀರ್ಮಾನ ಅವರದ್ದು. 'ಹೀಗೆ ಮಾಡಲಾ' ಅಂದರೆ ತೀರ್ಮಾನ ನಿಮ್ಮದು, ಸಹಿ ಅವರದ್ದು. ಪ್ರತಿ ಸಲ ಅವರು 'ಸರಿ' ಅಂತ ಕಳಿಸಿದಾಗ ನಿಮ್ಮ ಲೆಕ್ಕಕ್ಕೆ ಒಂದು ಸೇರಿತು. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ.

ಹತ್ತಕ್ಕೆ ಎಂಟು ಒಂಬತ್ತು ಸಲ ಮರುಮಾತಿಲ್ಲದೆ 'ಸರಿ' ಬರಲು ಶುರುವಾದ ಮೇಲೆ, ಆ ಬಗೆಯ ಕೆಲಸಕ್ಕೆ ಮಾತ್ರ, ಮಾತು ಬದಲಾಯಿಸಿ: '3 ಬಾಕ್ಸ್ ನಾಳೆ ಗಾಡಿಗೆ ಹಾಕ್ತೀನಿ, ಬೇಡ ಅಂದ್ರೆ 12ರೊಳಗೆ ಹೇಳಿ.' ಇದನ್ನು ಮೊದಲ ವಾರವೇ ಬಳಸಿದರೆ ಕೆಡುತ್ತದೆ. ಇಂಥವರ ಮೌನ ಒಪ್ಪಿಗೆಯಲ್ಲ, ಮೆಸೇಜ್ ನೋಡಿಲ್ಲ ಅಂತಲೂ ಇರಬಹುದು, ಆಮೇಲೆ 'ನನ್ನನ್ನು ಕೇಳಿದೆಯಾ' ಅಂತ ಬರುತ್ತದೆ. ದುಡ್ಡಿನ ವಿಷಯವಾದರೆ ಇನ್ನೂ ಸ್ವಲ್ಪ ದಿನ ಕೇಳಿಯೇ ಮಾಡಿ.

ನಂಬಿಕೆ ನಿಜಕ್ಕೂ ಹುಟ್ಟುವುದು ಕೆಟ್ಟ ಸುದ್ದಿಯ ದಿನ. ಪುಣೆ ಗಾಡಿ ಹಿರಿಯೂರಿನ ಹತ್ತಿರ ಕೆಟ್ಟು ನಿಂತಿತು ಅಂದುಕೊಳ್ಳಿ. ನಿಮ್ಮ ಮನಸ್ಸು ಹೇಳುತ್ತದೆ, ಬೇರೆ ಗಾಡಿ ಗೊತ್ತು ಮಾಡಿಕೊಂಡು ಎಲ್ಲ ಸರಿಹೋದ ಮೇಲೆ ಹೇಳೋಣ ಅಂತ. ಬೇಡ. ಅಷ್ಟರಲ್ಲಿ ಪುಣೆಯವರು ಡ್ರೈವರಿಗೆ ಫೋನ್ ಮಾಡಿ, ಆಮೇಲೆ ನಿಮ್ಮ ಮ್ಯಾನೇಜರಿಗೆ ಮಾಡಿರುತ್ತಾರೆ, ಅಲ್ವಾ? ಐದು ನಿಮಿಷದಲ್ಲಿ ಹೇಳಿಬಿಡಿ. ಗಾಡಿ ಎಲ್ಲಿ ನಿಂತಿದೆ, ಮಾಲಿಗೆ ಏನೂ ಆಗಿಲ್ಲ, ಬೇರೆ ಗಾಡಿ ಸಿಗುತ್ತದಾ ಅಂತ ಅರ್ಧ ಗಂಟೆಯಲ್ಲಿ ತಿಳಿಸ್ತೀನಿ. ಅರ್ಧ ಗಂಟೆಗೆ ಎರಡನೇ ಮೆಸೇಜ್: ಗಾಡಿ ಸಿಕ್ಕಿತು, ಇ-ವೇ ಬಿಲ್ಲಿನ ಪಾರ್ಟ್ ಬಿಯಲ್ಲಿ ಹೊಸ ಗಾಡಿಯ ನಂಬರ್ ಹಾಕಿಸಿದ್ದೇನೆ, ನಾಳೆ ಸಂಜೆ ತಲುಪುತ್ತದೆ, ಪುಣೆಗೆ ನೀವು ಹೇಳ್ತೀರಾ ನಾನು ಹೇಳಲಾ? ಆ ಪಾರ್ಟ್ ಬಿ ವಿಷಯ ಅವರು ಕೇಳುವ ಮುಂಚೆ ನೀವೇ ಹೇಳಿದಿರಿ ನೋಡಿ, ಅದು ಹತ್ತು ಒಳ್ಳೆ ಸುದ್ದಿಯ ಮೆಸೇಜಿಗಿಂತ ಜಾಸ್ತಿ ತೂಗುತ್ತದೆ. ಎಲ್ಲ ಚೆನ್ನಾಗಿದೆ ಅಂತಲೇ ದಿನಾ ಕಳಿಸುವವನ ಮೇಲೆ ಅನುಮಾನ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ.

ಕೆಲಸ ಆಗುತ್ತಿದೆಯಾ ಅಂತ ತಿಳಿಯಲು ಫೋನಿನ ಲೆಕ್ಕ ಒಂದೇ ಸಾಲದು, ಪ್ರಶ್ನೆಯ ಬಗೆ ನೋಡಿ. 'ಗಾಡಿ ಹೋಯ್ತಾ' ನಿಂತು 'ಮುಂದಿನ ವಾರ ಪುಣೆಗೆ ದೊಡ್ಡ ಲೋಡಿದೆ, ಹೇಗೆ ಮಾಡೋಣ' ಅಂತ ಬಂದರೆ ಹಾದಿ ಸರಿಯಿದೆ. ನಿಮ್ಮ ಮೆಸೇಜನ್ನು ಹಾಗೇ ಮಾಲೀಕರಿಗೆ ಫಾರ್ವರ್ಡ್ ಮಾಡುತ್ತಿದ್ದರೆ ಇನ್ನೂ ಒಳ್ಳೆಯದು. ಆಮೇಲೆ ಅದಕ್ಕೆ ತಕ್ಕಂತೆ ಬರೆಯಿರಿ, ಒಳಜಗಳ ಅದರಲ್ಲಿ ಬೇಡ.

ಐದಾರು ವಾರ ಆದಮೇಲೆ ಕೇಳಿ. 'ಸ್ವಲ್ಪ ಫ್ರೀಡಂ ಕೊಡಿ ಸರ್' ಅಂತಲ್ಲ, ಅದಕ್ಕೆ ಯಾರೂ ಹೂಂ ಅನ್ನುವುದಿಲ್ಲ. ಒಂದೇ ಒಂದು ಸಣ್ಣ ಕೆಲಸ ಕೇಳಿ, ಅಂಚು ಕಟ್ಟಿ: 'ಹೊಸೂರು ಟೆಂಪೋ, ನಮ್ಮ ಮಾಮೂಲಿ ಇಬ್ಬರು ಟ್ರಾನ್ಸ್‌ಪೋರ್ಟಿನವರು, ನೀವು ಹೇಳಿದಷ್ಟು ಬಾಡಿಗೆಯೊಳಗೆ ಇದ್ದರೆ ನಾನೇ ಕಳಿಸಿ ಆಮೇಲೆ ತಿಳಿಸ್ತೀನಿ. ಎರಡು ವಾರ ನೋಡಿ, ಸರಿಹೋಗದಿದ್ದರೆ ಮೊದಲಿನ ಹಾಗೇ ಕೇಳ್ತೀನಿ.' ಬಾಡಿಗೆಯ ಮಿತಿ ಅವರ ಬಾಯಿಂದಲೇ ಬರಲಿ. ಕೈಯಲ್ಲಿ ನೋಟ್‌ಬುಕ್ ಇರಲಿ, ಎಷ್ಟು ಲೋಡು ಹೋಯಿತು, ಎಷ್ಟು ತಡವಾಯಿತು, ತಡವಾದದ್ದನ್ನು ಎಷ್ಟು ಮುಂಚೆ ಹೇಳಿದ್ದಿರಿ. ಒಪ್ಪಿದರೆ ಹೊಸೂರಿಗೆ ಮಾತ್ರ 'ಮಾಡಿದೆ' ಬಂತು. ಪುಣೆ ಆಮೇಲೆ.

ಇದೆಲ್ಲ ಮಾಡಿಯೂ ಆಗದವರಿದ್ದಾರೆ. ನಿನ್ನೆ 'ಸರಿ' ಅಂದದ್ದನ್ನೇ ಇವತ್ತು ಯಾಕೆ ಮಾಡಿದೆ ಅನ್ನುವವರು, ನೀವು ಕಳಿಸಿದ ಮೆಸೇಜನ್ನೇ ಎಲ್ಲರ ಮುಂದೆ ನಿಮ್ಮ ತಪ್ಪು ತೋರಿಸಲು ಬಳಸುವವರು. ಅವರಿಗೆ ಬೇಕಿರುವುದು ಸುದ್ದಿಯಲ್ಲ. ಎರಡು ತಿಂಗಳಲ್ಲಿ ಅದು ಕಂಡರೆ ಮೆಸೇಜ್ ಕಳಿಸುತ್ತಲೇ ಇರಿ, ನಿಮ್ಮ ರಕ್ಷಣೆಗೆ ದಾಖಲೆ ಇರುತ್ತದೆ, ಪಕ್ಕದಲ್ಲಿ ಬೇರೆ ಕೆಲಸವನ್ನೂ ಹುಡುಕಿ. ಏಳು ವರ್ಷ ಡಿಸ್ಪ್ಯಾಚ್ ಮಾಡಿದವರನ್ನು ಪೀಣ್ಯದಲ್ಲಿ ಬೇಡ ಅನ್ನುವವರು ಕಡಿಮೆ.

ಅಂದಹಾಗೆ, ಹೊಸೂರು ವಿಷಯವನ್ನು ತಿಂಗಳ ಕೊನೆಯ ವಾರ ಕೇಳಬೇಡಿ. ಬಿಲ್ಲಿಂಗ್ ಗಡಿಬಿಡಿಯಲ್ಲಿ ಅವರು ಏನು ಕೇಳಿದರೂ ಇಲ್ಲ ಅಂದಾರು. ಐದನೇ ತಾರೀಕು ಕಳೆಯಲಿ, ಮಧ್ಯಾಹ್ನ ಊಟ ಆದಮೇಲೆ, ಅವರ ಕ್ಯಾಬಿನ್ನಿಗೇ ಹೋಗಿ ಕೇಳಿ. ಏನಂದರು ಅಂತ ನನಗೂ ಒಂದು ಸಾಲು ಬರೆಯಿರಿ.